‘ಅಸಭ್ಯ ವರ್ತನೆ’ ಎಂದು ಬರೆದರೆ ಸಾಲದು

ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ಬರೆಯುವಾಗ ಸಂಕೋಚದಿಂದ ‘ನನ್ನೊಡನೆ ಅಸಭ್ಯವಾಗಿ ವರ್ತಿಸಿದರು’ ಎಂದಷ್ಟೇ ಬರೆದು ನಿಲ್ಲಿಸುವುದುಂಟು. ಅದು ಬರೆದವಳ ಅಭಿಪ್ರಾಯವನ್ನು ತಿಳಿಸುತ್ತದೆಯೇ ಹೊರತು ನಡೆದುದನ್ನು ತಿಳಿಸುವುದಿಲ್ಲ. ಬೈಗುಳವೂ ಅಸಭ್ಯ ವರ್ತನೆಯೇ. 2013ರ ಕಾಯಿದೆಯು ಹೆಸರಿಸುವುದು ಇಷ್ಟವಿಲ್ಲದ ಸ್ಪರ್ಶ, ಲೈಂಗಿಕ ಬೇಡಿಕೆ, ಲೈಂಗಿಕ ಅರ್ಥದ ಮಾತು ಮುಂತಾದ ನಿರ್ದಿಷ್ಟ ಕೃತ್ಯಗಳನ್ನು.

ಬಟ್ಟೆ ಅಂಗಡಿಯೊಂದರ ಉದ್ಯೋಗಿ ಹೀಗೆ ಬರೆದಳೆಂದು ಭಾವಿಸೋಣ: ‘ಜೂನ್ 12ರಂದು ಸಂಜೆ ಸುಮಾರು 6 ಗಂಟೆಗೆ ನಾನು ಗೋದಾಮಿನಲ್ಲಿ ಸೀರೆಗಳನ್ನು ಎಣಿಸುತ್ತಿದ್ದೆ. ಮ್ಯಾನೇಜರರು ಹಿಂದಿನಿಂದ ಬಂದು ನನ್ನ ಸೊಂಟವನ್ನು ಹಿಡಿದರು. ಕೈ ತೆಗೆಯಿರಿ ಎಂದು ಹೇಳಿ ಸರಿದು ನಿಂತೆ. ರಾತ್ರಿ ನನ್ನ ಕೋಣೆಗೆ ಬಾ, ಸಂಬಳ ಹೆಚ್ಚಿಸುತ್ತೇನೆ ಎಂದರು. ಹೊರಗೆ ಬಂದೊಡನೆ ಬಿಲ್ ಬರೆಯುವ ಸಹೋದ್ಯೋಗಿಗೆ ಈ ವಿಷಯ ತಿಳಿಸಿದೆ.’

ಇಲ್ಲಿ ಅಶ್ಲೀಲ ವರ್ಣನೆ ಒಂದೂ ಇಲ್ಲ. ಆದರೆ ದಿನ, ಸ್ಥಳ, ವ್ಯಕ್ತಿ, ಮುಟ್ಟಿದ ಅಂಗ, ಆಡಿದ ಮಾತು ಎಲ್ಲವೂ ಇವೆ. ‘ಮೈ ಮುಟ್ಟಿದರು’ ಎಂದರೆ ಭುಜ ತಟ್ಟಿದ್ದೂ ಆಗಬಹುದು. ಆದುದರಿಂದ ಸೊಂಟ, ಎದೆ, ತೊಡೆ ಎಂದು ಅಂಗದ ಹೆಸರನ್ನೇ ಬರೆಯಬೇಕು. ‘ಕೈ ತೆಗೆಯಿರಿ’ ಎಂಬ ಮಾತು ಆ ಸ್ಪರ್ಶ ಇಷ್ಟವಿರಲಿಲ್ಲವೆಂಬುದನ್ನು ತೋರಿಸುತ್ತದೆ. ಭಯದಿಂದ ಮಾತೇ ಹೊರಡದಿದ್ದರೆ ಹಾಗೆಯೇ ಬರೆಯಬೇಕು. ಆಡದ ಮಾತನ್ನು ಸೇರಿಸಬಾರದು. ಸಹೋದ್ಯೋಗಿ ಕಣ್ಣಾರೆ ಕಂಡಿಲ್ಲ, ಕೇಳಿದ್ದಾಳೆ ಅಷ್ಟೆ. ಅವಳು ‘ನೋಡಿದಳು’ ಎಂದು ಬರೆದರೆ ವಿಚಾರಣೆಯಲ್ಲಿ ಇಡೀ ದೂರಿನ ಮೇಲೆ ಸಂದೇಹ ಹುಟ್ಟುತ್ತದೆ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಆತ ಮಲಯಾಳದಲ್ಲೋ ತುಳುವಿನಲ್ಲೋ ಆಡಿದ ಮಾತನ್ನು ದೂರಿನಲ್ಲಿ ಕನ್ನಡಕ್ಕೆ ತಿರುಗಿಸುವಾಗ ಅದು ತಾನಾಗಿಯೇ ಮೃದುವಾಗಿಬಿಡುತ್ತದೆ. ಆಡಿದ ಮಾತನ್ನು ಮೊದಲು ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದು, ಅದರ ಕೆಳಗೆ ಅರ್ಥವನ್ನು ಕೊಡುವುದು ಲೇಸು. ಮಾತು ಪೂರ್ತಿ ನೆನಪಿಲ್ಲದಿದ್ದರೆ ‘ಈ ಅರ್ಥದ ಮಾತು’ ಎಂದು ಸ್ಪಷ್ಟಪಡಿಸಬೇಕು.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ದೂರನ್ನು ಆಂತರಿಕ ಸಮಿತಿಗೆ ಕೊಡಬೇಕು. ಹತ್ತಕ್ಕಿಂತ ಕಡಿಮೆ ಮಂದಿ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಅವಧಿ ಘಟನೆಯಿಂದ 3 ತಿಂಗಳು. ಪದೇಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಸಮಿತಿಯು ಅದನ್ನು ದಾಖಲಿಸಿ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು. ಬರೆಯಲಾಗದವಳಿಗೆ ದೂರು ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ.

ಮಗಳು ಮನೆಗೆ ಬಂದು ಹೇಳಿಕೊಂಡ ದಿನವೇ ಅವಳ ಮಾತಿನಲ್ಲೇ ಬರೆದಿಡಿ. ಅದನ್ನು ತಿದ್ದಿ ಮರ್ಯಾದೆಯ ಮಾತಾಗಿಸುವ ಗೋಜಿಗೆ ಹೋಗಬೇಡಿ.