ಕಟ್ ಲಿಸ್ಟ್ ಬರದ ಮೇಜು ಮೇಜೇ ಅಲ್ಲ

ನಮ್ಮ ಕ್ಯಾಡ್ ಪ್ರಾಜೆಕ್ಟ್‌ಗಳಲ್ಲಿ ಮರದ ಮೇಜು ಅಂದರೆ ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಮೇಲೊಂದು ಹಲಗೆ. ಎಲ್ಲವನ್ನೂ ಒಂದಕ್ಕೊಂದು ತಾಗಿಸಿ, ಸಾಗುವಾನಿ ಬಣ್ಣ ಹಾಕಿ, ರೆಂಡರ್ ತೆಗೆದರೆ ಮುಗೀತು. ಇದನ್ನು ಮಾಡೆಲ್ ಅಂತ ಒಪ್ಪಬಾರದು ಅನ್ನೋದು ನನ್ನ ವಾದ. ಅದರಿಂದ ಕಟ್ ಲಿಸ್ಟ್, ಅಂದರೆ ಯಾವ ತುಂಡು ಎಷ್ಟು ಉದ್ದ ಕೊಯ್ಯಬೇಕು ಅನ್ನೋ ಪಟ್ಟಿ, ಸರಿಯಾಗಿ ಬರಬೇಕು. ಅದು ಬರಬೇಕಾದರೆ ಜಾಯಿಂಟನ್ನು ಮಾಡೆಲ್‌ನೊಳಗೆ ನಿಜವಾಗಿ ಮಾಡಿರಬೇಕು.

ಕಿರಿಮಂಜೇಶ್ವರದ ಮನೆಗೆ ಅಂತ ನಾನು ಮಾಡಿದ ಓದುವ ಮೇಜಿನ ಲೆಕ್ಕವನ್ನೇ ನೋಡಿ. ಹಲಗೆ 1200 × 600 ಮಿ.ಮೀ., ಅದು ಸುತ್ತಲೂ 50 ಮಿ.ಮೀ. ಹೊರಗೆ ಚಾಚಿದೆ. ಹಾಗಾಗಿ ಕೆಳಗಿನ ಚೌಕಟ್ಟು 1100 × 500. ಕಾಲುಗಳು 60 × 60. ಕಾಲಿನಿಂದ ಕಾಲಿಗೆ ಕಣ್ಣಿಗೆ ಕಾಣುವ ಉದ್ದದ ಪಟ್ಟಿ 980, ಗಿಡ್ಡ ಪಟ್ಟಿ 380. ಜಾಯಿಂಟ್ ಇಲ್ಲದ ಮಾಡೆಲ್ ಈ ಎರಡು ಅಂಕಿಯನ್ನೇ ಕೊಡುತ್ತದೆ. ಆದರೆ ಪಟ್ಟಿಯ ಎರಡೂ ತುದಿಯಲ್ಲಿ ಕಾಲಿನೊಳಗೆ ಹೋಗುವ ನಾಲಿಗೆ ಇರುತ್ತದೆ, ಅದೇ ಟೆನನ್. ಅದು ಕೂರುವ ತೂತು ಮಾರ್ಟೈಸ್. ನಾಲಿಗೆ 30 ಮಿ.ಮೀ. ಉದ್ದ ಇದ್ದರೆ ಕೊಯ್ಯಬೇಕಾದ್ದು:

```
rail_long  = 1100 - 2*60 + 2*30   // 1040
rail_short =  500 - 2*60 + 2*30   //  440
```

980ಕ್ಕೇ ಕೊಯ್ದರೆ ಏನಾಗುತ್ತೆ? ನಾಲಿಗೆಯನ್ನು ಆ 980ರೊಳಗೇ ತೆಗೆಯಬೇಕಾಗುತ್ತದೆ. ಮೇಜು ಎರಡೂ ಕಡೆ 60 ಮಿ.ಮೀ. ಗಿಡ್ಡವಾಗುತ್ತದೆ. ಜೋಡಿಸಿದ ಮೇಲೂ ಸುಲಭಕ್ಕೆ ಗೊತ್ತಾಗಲ್ಲ, ಹಲಗೆ ಮಾತ್ರ ಯಾಕೋ ಜಾಸ್ತಿ ಚಾಚಿದ ಹಾಗೆ ಕಾಣುತ್ತದೆ. ಊರಿನ ಆಚಾರ್ರು ಚೀಟಿ ನೋಡಿದ ತಕ್ಷಣ "ಒಳ್ಗ್ ಹೋಪ್ದ್ ಸೇರಿತಾ?" ಅಂತ ಕೇಳೋದು ಇದಕ್ಕೇ.

ಹಾಗಾದರೆ ಆ 30 ಎಲ್ಲಿಂದ ಬಂತು? ಇಲ್ಲೇ ಮಾಡೆಲ್ ನಿಜವಾಗಿ ಕೆಲಸಕ್ಕೆ ಬರೋದು. ಪಟ್ಟಿಯ ದಪ್ಪ 25. ನಾಲಿಗೆ ದಪ್ಪ ಅದರ ಮೂರನೇ ಒಂದು ಭಾಗ ಅನ್ನೋದು ರೂಢಿ, ಅಂದರೆ 8.3. ಆ ಅಳತೆಯ ಉಳಿ ಸಿಗಲ್ಲ, 10ರ ಉಳಿ ಸಿಗುತ್ತೆ, ಆದ್ದರಿಂದ 10. ಮೊದಲು ಪಟ್ಟಿಯನ್ನು ಕಾಲಿನ ನಟ್ಟನಡುವೆ ಇಟ್ಟೆ ಅಂದುಕೊಳ್ಳಿ. ಒಂದೇ ಕಾಲಿಗೆ ಎರಡು ದಿಕ್ಕಿನಿಂದ ನಾಲಿಗೆ ಬರುತ್ತದೆ. ಒಳಮುಖದಿಂದ 25 ಮಿ.ಮೀ. ದಾಟಿದರೆ ಅವೆರಡೂ ಡಿಕ್ಕಿ ಹೊಡೆಯುತ್ತವೆ. ಪಟ್ಟಿಯನ್ನು ಕಾಲಿನ ಹೊರಮುಖದ ಕಡೆಗೆ ಸರಿಸಿ, ಅಲ್ಲಿಂದ ಬರೀ 5 ಮಿ.ಮೀ. ಒಳಗಿಟ್ಟರೆ ಆ ಜಾಗ 37.5ಕ್ಕೆ ಏರುತ್ತದೆ. ತೂತನ್ನು 32 ಆಳ ಕೊರೆದರೂ ಎರಡು ತೂತುಗಳ ನಡುವೆ 5.5 ಮಿ.ಮೀ. ಮರ ಉಳಿಯುತ್ತದೆ. ನಾಲಿಗೆ 30, ತೂತು 32. ತಳದ ಆ 2 ಮಿ.ಮೀ. ಅಂಟು ಸೇರಿಕೊಳ್ಳೋಕೆ. ಅಷ್ಟು ಬಿಡದಿದ್ದರೆ ನಾಲಿಗೆ ತಳಕ್ಕೆ ತಾಗಿ ನಿಲ್ಲುತ್ತದೆ, ಪಟ್ಟಿಯ ಭುಜ ಕಾಲಿಗೆ ಕೂರೋದೇ ಇಲ್ಲ, ಹೊರಗೆ ಸಂದು ಕಾಣುತ್ತದೆ.

ಮಾಡುವ ಕ್ರಮದಲ್ಲೂ ಒಂದು ಹಟ ಬೇಕು. ನಾಲಿಗೆಯನ್ನು ಪಟ್ಟಿಯ ಭಾಗವಾಗಿಯೇ ಎಳೆಯಿರಿ, ಆಮೇಲೆ ಆ ಆಕಾರವನ್ನೇ ಕಾಲಿನಿಂದ ಕಳೆಯಿರಿ, ಆಳ ಮಾತ್ರ 2 ಹೆಚ್ಚಿಸಿ. ತೂತು, ನಾಲಿಗೆ ಎರಡಕ್ಕೂ ಬೇರೆ ಬೇರೆ ಅಂಕಿ ಟೈಪ್ ಮಾಡಿದರೆ ನಾಳೆ ಒಂದನ್ನು ಬದಲಿಸಿ ಇನ್ನೊಂದನ್ನು ಮರೀತೀರಿ. ಸ್ಕೆಚ್‌ಅಪ್‌ನ ಓಪನ್‌ಕಟ್‌ಲಿಸ್ಟ್ ಪ್ರತಿ ಕಾಂಪೊನೆಂಟ್‌ನ ಸುತ್ತಳತೆಯ ಪೆಟ್ಟಿಗೆಯನ್ನು ನೋಡಿ ಉದ್ದ ಹೇಳುತ್ತದೆ. ನಾಲಿಗೆ ಪಟ್ಟಿಯೊಳಗೇ ಇದ್ದರೆ 1040 ತಾನಾಗಿಯೇ ಬರುತ್ತದೆ. ಬೇರೆ ಕಾಂಪೊನೆಂಟ್ ಮಾಡಿದ್ದರೆ ಲಿಸ್ಟಿನಲ್ಲಿ 980ರ ಪಟ್ಟಿ, ಜೊತೆಗೆ ಎಂಟು ಪುಟ್ಟ ತುಂಡು! ಆ ಎಂಟು ತುಂಡು ಕಂಡರೆ ಮಾಡೆಲ್ ತಪ್ಪಿದೆ ಅಂತಲೇ ಅರ್ಥ.

"ಆಚಾರ್ರು ಇದನ್ನೆಲ್ಲ ತಲೆಯಲ್ಲೇ ಮಾಡ್ತಾರಲ್ಲ, ಕಂಪ್ಯೂಟರ್ ಯಾಕೆ?" ಅಂತ ಗೆಳೆಯರು ಕೇಳ್ತಾರೆ. ನಿಜ, ಮಾಡ್ತಾರೆ. ಆದರೆ ಮರ ತರುವ ದುಡ್ಡು ನಮ್ಮದು, ಅಳತೆ ಬದಲಿಸುವವರೂ ನಾವೇ. ಹಾಗೇ ಮಾಡೆಲ್‌ಗೆ ಗೊತ್ತಿಲ್ಲದ ಒಂದು ವಿಷಯವೂ ಇದೆ. ಅದು ಕೊಡೋದು ಕೀಸಿ ನುಣುಪಾದ ಮೇಲಿನ ಅಳತೆ. ಈ ಚೌಕಟ್ಟಿಗೆ, ಅಂದರೆ 725 ಉದ್ದದ ನಾಲ್ಕು ಕಾಲು ಮತ್ತು 90 ಅಗಲದ ನಾಲ್ಕು ಪಟ್ಟಿಗೆ, ಅದು ಸುಮಾರು 0.6 ಸಿ.ಎಫ್.ಟಿ. ದಪ್ಪ, ಅಗಲಕ್ಕೆ 5 ಮಿ.ಮೀ., ಉದ್ದಕ್ಕೆ 20-25 ಸೇರಿಸಿದರೆ 0.75 ಆಗುತ್ತೆ. ನಾಲ್ಕನೇ ಒಂದು ಭಾಗ ಜಾಸ್ತಿ. ಸಾಮಿಲ್‌ನವರು ಬಿಲ್ ಹಾಕೋದು ಆ 0.75ಕ್ಕೆ. ಈ ಹೆಚ್ಚುವರಿಯನ್ನು ಮಾಡೆಲ್‌ನ ಅಂಕಿಯಲ್ಲಿ ಬೆರೆಸಬೇಡಿ, ಲಿಸ್ಟಿನಲ್ಲಿ ಇನ್ನೊಂದು ಕಾಲಂ ಮಾಡಿ. ಬೆರೆಸಿದರೆ ಜಾಯಿಂಟೇ ಸಡಿಲ.

ಪ್ರಾಜೆಕ್ಟ್ ನೋಡುವ ಗುರುಗಳಿಗೆ ನನ್ನ ಕೋರಿಕೆ ಇಷ್ಟೇ: ರೆಂಡರ್‌ಗೆ ಕೊಡುವ ಅಂಕದಲ್ಲಿ ಅರ್ಧ ಕಟ್ ಲಿಸ್ಟಿಗೆ ಕೊಡಿ. ಪರೀಕ್ಷಿಸೋಕೆ ಒಂದು ನಿಮಿಷ ಸಾಕು. ಪಟ್ಟಿಯ ಉದ್ದದಿಂದ ಎರಡು ನಾಲಿಗೆ ಕಳೆದು ಎರಡು ಕಾಲು ಕೂಡಿಸಿ: 1040 − 60 + 120 = 1100. ಚೌಕಟ್ಟಿನ ಅಳತೆ ವಾಪಸ್ ಬಂದರೆ ಆ ಹುಡುಗ ಅಥವಾ ಹುಡುಗಿ ಮೇಜು ಮಾಡಿದ್ದಾರೆ. ಬರದಿದ್ದರೆ ಮೇಜಿನ ಚಿತ್ರ ಬರೆದಿದ್ದಾರೆ.