46 ಪರ್ಸೆಂಟ್ ಯಾರ ತಪ್ಪು? ಔರಾದದ ಒಂದು ಗುತ್ತಿಗೆ ನವೀಕರಣದ ಕತೆ

ಮಾರ್ಚ್ ಬಂತೆಂದರೆ ಬೀದರ್ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಸಿಲಿನಷ್ಟೇ ಇನ್ನೊಂದು ವಿಷಯವೂ ಕಾಯುತ್ತದೆ: ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರ ನವೀಕರಣ. ಗುತ್ತಿಗೆ ಸಾಮಾನ್ಯವಾಗಿ ಹಣಕಾಸು ವರ್ಷದ ಜೊತೆಗೇ ಮುಗಿಯುತ್ತದೆ. ಮುಂದುವರಿಸಬೇಕೆಂದರೆ ಮೇಲಿನವರು ಕಾರ್ಯಕ್ಷಮತೆ ಮೌಲ್ಯಮಾಪನದ ಫಾರ್ಮ್ ತುಂಬಿ ಕಳಿಸಬೇಕು. ಎರಡು ಪುಟದ ಕಾಗದ. ಅದರ ಮೇಲೆ ಒಂದು ಮನೆಯ ಮುಂದಿನ ವರ್ಷದ ಬಾಡಿಗೆ, ಮಕ್ಕಳ ಫೀಸು, ಬ್ಯಾಂಕಿನ ಕಂತು ಎಲ್ಲ ನಿಂತಿರುತ್ತದೆ.

ಔರಾದ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನ್ನ ಗೆಳೆಯ ಮೆಡಿಕಲ್ ಆಫೀಸರ್. ಅವನು ಅಂಥದೊಂದು ಫಾರ್ಮ್ ತುಂಬುವಾಗ ನಾನು ಪಕ್ಕದಲ್ಲಿದ್ದೆ. ಅದು ಉಪಕೇಂದ್ರವೊಂದರ ಸಮುದಾಯ ಆರೋಗ್ಯ ಅಧಿಕಾರಿಯದು, ಅಂದರೆ ಜನ ಸಿಎಚ್‌ಒ ಎಂದು ಕರೆಯುವ, ನರ್ಸಿಂಗ್ ಓದಿ ಬಂದ ಹುಡುಗಿಯದು. ಗೆಳೆಯ ಆಗಲೇ ಬರೆದಿದ್ದ: “ಬಿಪಿ-ಶುಗರ್ ತಪಾಸಣೆ 46%. ಗುರಿ ತಲುಪಿಲ್ಲ. ಆಸಕ್ತಿ ಕಡಿಮೆ. ತೃಪ್ತಿಕರವಲ್ಲ.” ನಾನು ಕೇಳಿದೆ, “46 ಎಲ್ಲಿಂದ ಬಂತೋ?” ಅವನಂದ, “ಪೋರ್ಟಲ್‌ದಾಗ ಅದನಲ್ಲ.”

ಆ ಉತ್ತರವನ್ನೇ ಈ ಲೇಖನದಲ್ಲಿ ಬಿಚ್ಚಿ ನೋಡೋಣ. ಯಾರ ಗುರುತೂ ಸಿಗದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ಅದೇ.

ಕೆಳಗಿನ ಅಂಕಿ

ಪರ್ಸೆಂಟ್ ಅಂದರೆ ಎರಡು ಅಂಕಿ. ಮೇಲಿನದು ಮಾಡಿದ ಕೆಲಸ, ಕೆಳಗಿನದು ಮಾಡಬೇಕಿದ್ದ ಕೆಲಸ. ಬೈಯುವಾಗ ನಾವೆಲ್ಲ ಮೇಲಿನದನ್ನೇ ನೋಡುತ್ತೇವೆ.

ಉಪಕೇಂದ್ರದ ಜನಸಂಖ್ಯೆ 5,000 ಎಂದು ಹಿಡಿಯಿರಿ. ಬಿಪಿ, ಶುಗರ್ ತಪಾಸಣೆ 30 ವರ್ಷ ದಾಟಿದವರಿಗೆ. ರಾಷ್ಟ್ರೀಯ ಮಾರ್ಗಸೂಚಿಯ ಅಂದಾಜಿನಲ್ಲಿ ಇಂಥವರು ಜನಸಂಖ್ಯೆಯ 37%. ಹಾಗಾಗಿ ಗುರಿ 1,850. ಪೋರ್ಟಲ್‌ನಲ್ಲಿ ದಾಖಲಾದದ್ದು 850. ಭಾಗಿಸಿದರೆ 46%. ಗಣಿತ ಸರಿಯಾಗಿಯೇ ಇದೆ.

ಆದರೆ 37% ಎನ್ನುವುದು ದೇಶದ ಅಂದಾಜು, ಆ ಊರುಗಳದ್ದಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿ ಮಾಡಿದ ಪಟ್ಟಿ ಅದೇ ಕಟ್ಟಡದ ಬೀರುವಿನಲ್ಲಿತ್ತು. ಎಣಿಸಿದರೆ 30 ದಾಟಿದವರು 1,560 ಮಂದಿ. ಅವರಲ್ಲಿ ಸುಮಾರು 310 ಜನ ದಸರಾ-ದೀಪಾವಳಿ ಮುಗಿದ ಮೇಲೆ ಊರಲ್ಲಿ ಇರುವುದೇ ಇಲ್ಲ. ಕಬ್ಬು ಕಡಿಯಲು ಹೋಗುತ್ತಾರೆ, ಇಲ್ಲ ಹೈದರಾಬಾದಿನ ಕಟ್ಟಡ ಕೆಲಸಕ್ಕೆ. ಯುಗಾದಿ ಹೊತ್ತಿಗೆ ವಾಪಸ್. ಔರಾದದ ಬಗ್ಗೆ ಗೊತ್ತಿರುವ ಯಾರಿಗೂ ಇದು ಹೊಸ ಸುದ್ದಿಯಲ್ಲ. ಪೋರ್ಟಲ್‌ಗೆ ಮಾತ್ರ ಗೊತ್ತಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಗುಳೆ ಹೋದವರನ್ನು ಲೆಕ್ಕದಿಂದ ಪೂರ್ತಿ ಕಿತ್ತುಹಾಕಿದರೆ ಅದೂ ಅನ್ಯಾಯವೇ, ಈ ಸಲ ಆ ಜನರಿಗೆ. ಬಿಪಿ ಅವರಿಗೂ ಬರುತ್ತದೆ. ಆದ್ದರಿಂದ ಎರಡೂ ಅಂಕಿ ಬರೆಯಬೇಕು. ಜೊತೆಗೆ ಕೇಳಬೇಕಾದ ಪ್ರಶ್ನೆ: ಅವರು ಊರಿಗೆ ಬಂದಿದ್ದ ವಾರಗಳಲ್ಲಿ ಈಕೆ ಕ್ಯಾಂಪ್ ಮಾಡಿದ್ದಳೇ?

ಮೇಲಿನ ಅಂಕಿ

ಈಗ 850ಕ್ಕೆ ಬನ್ನಿ. ಕೈಬರಹದ ರಿಜಿಸ್ಟರ್‌ನಲ್ಲಿ 1,020 ಹೆಸರುಗಳಿದ್ದವು. ಪೋರ್ಟಲ್‌ಗಿಂತ 170 ಹೆಚ್ಚು. ಆಕೆಯನ್ನು ಕರೆದು ಕೇಳಿದಾಗ ಅಂದಳು: “ಸರ್, ಟ್ಯಾಬ್ ಏಳು ವಾರ ಕೆಟ್ಟಿತ್ರಿ. ನಾ ಲೆಟರ್ ಕೊಟ್ಟೀನ್ರಿ ನಿಮಗ.” ಲೆಟರ್ ನಿಜಕ್ಕೂ ಫೈಲ್‌ನಲ್ಲಿತ್ತು, ತಾರೀಖಿನ ಸಮೇತ. ಆ ಏಳು ವಾರದ ಹೆಸರುಗಳು ಆಮೇಲೆ ಪೂರ್ತಿ ಏರಿಸಿರಲಿಲ್ಲ.

ಹಾಗಂತ ರಿಜಿಸ್ಟರನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ. ನವೀಕರಣ ಒಂದು ಅಂಕಿಗೆ ಕಟ್ಟಿಹಾಕಿದಾಗ ಅಂಕಿಯನ್ನೇ ತಯಾರಿಸುವ ಆಸೆ ಯಾರಿಗಾದರೂ ಬರುತ್ತದೆ. ಸುಳ್ಳು ದಾಖಲೆಗೆ ಗುರುತುಗಳಿವೆ. ಸಾಲುಸಾಲಾಗಿ 120/80 ಬರೆದಿರುತ್ತದೆ. ಜೀವಂತ ಮನುಷ್ಯರ ಬಿಪಿ ಹಾಗೆ ಪರೇಡ್ ಮಾಡುವುದಿಲ್ಲ. ಅಥವಾ ವರ್ಷವಿಡೀ ಖಾಲಿ ಇದ್ದ ಪುಟಗಳು ಮಾರ್ಚ್ ಕೊನೆಯ ವಾರ ತುಂಬಿ ತುಳುಕುತ್ತವೆ. ಇಲ್ಲವೇ ನೂರು ಜನರನ್ನು ಪರೀಕ್ಷಿಸಿದರೂ ಬಿಪಿ ಹೆಚ್ಚಿರುವ ಒಬ್ಬರೂ ಸಿಕ್ಕಿರುವುದಿಲ್ಲ.

ಈ ರಿಜಿಸ್ಟರ್‌ನಲ್ಲಿ ಅಂಥದ್ದು ಕಾಣಲಿಲ್ಲ. ಆದರೂ ಗೆಳೆಯ ಕಣ್ಣು ಮುಚ್ಚಿ ಬೆರಳಿಟ್ಟು ಬೇರೆ ಬೇರೆ ತಿಂಗಳ 20 ಹೆಸರು ಆರಿಸಿದ. ಆಕೆಗೆ ಹೇಳದೆ ಫೋನ್ ಮಾಡಿದ. 18 ಜನ “ಹೌದ್ರಿ, ತೋಳಿಗಿ ಪಟ್ಟಿ ಕಟ್ಟಿ ನೋಡ್ಯಾಳ” ಅಂದರು. ಒಬ್ಬರ ಫೋನ್ ಹತ್ತಲಿಲ್ಲ, ಒಬ್ಬ ಅಜ್ಜನಿಗೆ ನೆನಪಿಲ್ಲ. ಒಂದೂವರೆ ತಾಸಿನ ಕೆಲಸ. ಒಬ್ಬರ ಒಂದು ವರ್ಷದ ಅನ್ನಕ್ಕೆ ಒಂದೂವರೆ ತಾಸು ಜಾಸ್ತಿಯಲ್ಲ.

ಹೊಸ ಲೆಕ್ಕ ಹೀಗಾಯಿತು: ಪಟ್ಟಿಯಲ್ಲಿದ್ದ 1,560 ಜನರಲ್ಲಿ 1,020, ಅಂದರೆ 65%. ವರ್ಷವಿಡೀ ಊರಲ್ಲಿದ್ದ 1,250 ಜನರಿಗೆ ಹೋಲಿಸಿದರೆ 82%. 46 ಎಲ್ಲಿ, 82 ಎಲ್ಲಿ!

ನಿಜವಾದ ಕೊರತೆ

ಇಲ್ಲಿಗೆ ನಿಲ್ಲಿಸಿದ್ದರೆ ಇದು “ಬಡಪಾಯಿ ನೌಕರೆ, ಕ್ರೂರ ಪೋರ್ಟಲ್” ಕತೆಯಾಗುತ್ತಿತ್ತು. ಅದೇ ರಿಜಿಸ್ಟರ್ ಇನ್ನೊಂದು ಮಾತೂ ಹೇಳುತ್ತಿತ್ತು. ಮೊದಲ ತಪಾಸಣೆಯಲ್ಲಿ ಬಿಪಿ ಹೆಚ್ಚಿದ್ದವರು 140. ಅವರಲ್ಲಿ 60 ಜನರ ಎರಡನೇ ಭೇಟಿಯ ದಾಖಲೆಯೇ ಇರಲಿಲ್ಲ. ಒಂದು ಸಲದ ರೀಡಿಂಗ್‌ನಿಂದ ರೋಗ ತೀರ್ಮಾನವಾಗುವುದಿಲ್ಲ, ಮತ್ತೆ ನೋಡಬೇಕು, ಮಾತ್ರೆ ಶುರು ಮಾಡಿಸಬೇಕು. ಪತ್ತೆ ಹಚ್ಚಿ ಬಿಟ್ಟುಬಿಟ್ಟರೆ ತಪಾಸಣೆ ಮಾಡಿ ಏನು ಪ್ರಯೋಜನ?

ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿದಾಗ 60ರಲ್ಲಿ 22 ಜನ ಪತ್ತೆಯಾದದ್ದು ಡಿಸೆಂಬರ್-ಜನವರಿಯಲ್ಲಿ. ಆಗ ಉಪಕೇಂದ್ರದಲ್ಲಿ ಬಿಪಿ ಮಾತ್ರೆಯೇ ಇರಲಿಲ್ಲ. ಇಂಡೆಂಟ್ ಹೋಗಿತ್ತು, ಮಾಲು ಬಂದಿರಲಿಲ್ಲ. ಮಾತ್ರೆ ಇಲ್ಲವೆಂದು ಗೊತ್ತಾದ ಮೇಲೆ ಯಾರು ಕೂಲಿ ಬಿಟ್ಟು ಬರುತ್ತಾರೆ? ಉಳಿದ 38 ಜನರ ವಿಷಯದಲ್ಲಿ ಆಕೆಗೂ ಉತ್ತರವಿರಲಿಲ್ಲ. ಅದು ಆಕೆಯ ಕೊರತೆ. ಮೌಲ್ಯಮಾಪನದಲ್ಲಿ ಅದು ಬರಲೇಬೇಕು.

ಕೊನೆಗೆ ಗೆಳೆಯ ಬರೆದದ್ದು: “ಆಶಾ ಪಟ್ಟಿಯ 1,560 ಜನರಲ್ಲಿ 1,020 ಮಂದಿಗೆ ತಪಾಸಣೆ (65%), ಸುಮಾರು 310 ಮಂದಿ ಋತುಮಾನದ ವಲಸೆ. 20 ಹೆಸರು ಪರಿಶೀಲಿಸಿದ್ದು 18 ದೃಢಪಟ್ಟಿವೆ. ಟ್ಯಾಬ್ 7 ವಾರ ಕೆಟ್ಟಿದ್ದ ಕಾರಣ 170 ದಾಖಲೆ ಪೋರ್ಟಲ್‌ನಲ್ಲಿಲ್ಲ, ಪತ್ರ ಲಗತ್ತಿಸಿದೆ. ಬಿಪಿ ಹೆಚ್ಚಿದ್ದ 140 ಮಂದಿಯಲ್ಲಿ 60 ಮಂದಿಯ ಮರುಭೇಟಿ ಆಗಿಲ್ಲ. 22ಕ್ಕೆ ಔಷಧ ಕೊರತೆ ಕಾರಣ, 38ಕ್ಕೆ ಸೂಕ್ತ ಕಾರಣವಿಲ್ಲ. ಮೂರು ತಿಂಗಳಲ್ಲಿ ಈ ಮರುಭೇಟಿ ಮುಗಿಸುವ ಷರತ್ತಿನೊಂದಿಗೆ ನವೀಕರಣಕ್ಕೆ ಶಿಫಾರಸು.”

“ಆಸಕ್ತಿ ಕಡಿಮೆ” ಎಂಬ ಮಾತು ಎಲ್ಲಿ ಹೋಯಿತು ನೋಡಿ. ಆಸಕ್ತಿಯನ್ನು ಯಾವ ರಿಜಿಸ್ಟರ್‌ನಲ್ಲೂ ಎಣಿಸಲಾಗದು, ಹಾಗಾಗಿ ಅದಕ್ಕೆ ಉತ್ತರ ಕೊಡಲೂ ಆಗದು. 38 ಎಂಬ ಅಂಕಿಗೆ ಕೊಡಬಹುದು.

ತೋರಿಸದ ಕಾಗದ

ಇನ್ನೊಂದು ಹೆಜ್ಜೆ ಬಾಕಿಯಿತ್ತು: ಫಾರ್ಮ್ ಮೇಲೆ ಕಳಿಸುವ ಮುಂಚೆ ಆಕೆಗೆ ತೋರಿಸುವುದು. ಇದನ್ನು ಉಪಕಾರ ಅಂದುಕೊಳ್ಳಬೇಡಿ. ಸರ್ಕಾರಿ ನೌಕರರ ವಾರ್ಷಿಕ ಗೋಪ್ಯ ವರದಿಯಲ್ಲಿನ ಪ್ರತಿಯೊಂದು ಷರಾವನ್ನೂ, ಕೆಟ್ಟದ್ದನ್ನಷ್ಟೇ ಅಲ್ಲ, ನೌಕರರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿತು. 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿಮಾಡಿತು.

ಆದರೆ ಆ ತೀರ್ಪುಗಳು ಬಂದದ್ದು ಕಾಯಂ ಸೇವೆಯವರ ಬಡ್ತಿಯ ವಿಷಯದಲ್ಲಿ. ಗುತ್ತಿಗೆಯವರ ತಲೆಮೇಲೆ ತೂಗುವುದು 2006ರ ಉಮಾದೇವಿ ತೀರ್ಪು, ಅದೂ ನಮ್ಮ ಕರ್ನಾಟಕದ್ದೇ ಪ್ರಕರಣ. ಎಷ್ಟೋ ವರ್ಷ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲ ಎಂದಿತು ಅದು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟ್, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸುವುದನ್ನು ಟೀಕಿಸಿತು. ಇಷ್ಟಾದರೂ ನವೀಕರಣ ಕೇಳುವವಳ ಕೈಯಲ್ಲಿ ಇರುವುದು ಬಹುಪಾಲು ಆ ಎರಡು ಪುಟದ ಕಾಗದವೇ. ಬಡ್ತಿ ತಪ್ಪುವವರಿಗೆ ಷರಾ ನೋಡುವ ಹಕ್ಕಿದೆ ಅಂದಮೇಲೆ ಕೆಲಸವೇ ತಪ್ಪುವವರಿಗೆ ತೋರಿಸಬಾರದು ಎನ್ನುವುದು ಯಾವ ನ್ಯಾಯ?

ಬೀದರ್ ನಗರದಲ್ಲಿ ಬೈಕ್ ಮೇಲೆ ಊಟ ತಲುಪಿಸುವ ಹುಡುಗನನ್ನು ನೋಡಿ. ಮಳೆಯಲ್ಲಿ ತಡವಾಯಿತೆಂದು ಗ್ರಾಹಕ ಒಂದು ಸ್ಟಾರ್ ಒತ್ತುತ್ತಾನೆ. ಅದೂ ಮೌಲ್ಯಮಾಪನವೇ, ಸಾಕ್ಷ್ಯವಿಲ್ಲದ್ದು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಕೆಲಸದಿಂದ ತೆಗೆಯುವ ಮುಂಚೆ ಲಿಖಿತ ಕಾರಣ ಮತ್ತು ಸಾಮಾನ್ಯವಾಗಿ 14 ದಿನಗಳ ನೋಟಿಸ್ ಕೊಡಬೇಕೆನ್ನುತ್ತದೆ. ಖಾಸಗಿ ಆ್ಯಪ್‌ಗೆ ಈ ಶಿಸ್ತು ಹೇಳುವ ಸರ್ಕಾರ ತನ್ನದೇ ಉಪಕೇಂದ್ರದಲ್ಲೂ ಅದನ್ನು ಪಾಲಿಸಲಿ ಎಂದು ಕೇಳುವುದು ದುರಾಸೆಯಲ್ಲ.

ಮೂರು ಊರು, ಒಂದೇ ಪಟ್ಟಿ

ಜಿಲ್ಲಾ ಸಭೆಗಳಲ್ಲಿ ಈ ಅಂಕಿಗಳನ್ನು ಮೇಲಿಂದ ಕೆಳಗೆ ಜೋಡಿಸಿ ಕೊನೆಯವರನ್ನು ಎಬ್ಬಿಸಿ ನಿಲ್ಲಿಸಿದರೆ ಕತೆ ಇನ್ನೂ ಕೆಡುತ್ತದೆ. ಭಾಲ್ಕಿಗೆ ರೈಲಿದೆ. ಔರಾದಕ್ಕಿಲ್ಲ. ಔರಾದದ ಗಡಿ ಹಳ್ಳಿಯವರು ತೋರಿಸಿಕೊಳ್ಳಲು ಉದಗೀರ್, ದೇಗಲೂರಿಗೆ ಹೋದರೆ ಆ ಚಿಕಿತ್ಸೆ ಮಹಾರಾಷ್ಟ್ರದ ಲೆಕ್ಕ. ಬೀದರ್ ನಗರದ ಬಡಾವಣೆಯಲ್ಲಿ ಹಗಲು ಮನೆಗಳಿಗೆ ಬೀಗ, ಎಲ್ಲರೂ ಕೆಲಸಕ್ಕೆ. ಹೋಲಿಸಲೇಬೇಕಿದ್ದರೆ ಅದೇ ಉಪಕೇಂದ್ರದ ಹಿಂದಿನ ವರ್ಷದೊಂದಿಗೆ ಹೋಲಿಸಬೇಕು.

ಇದನ್ನು ಹೇಳಲು ನನಗೆ ನೈತಿಕ ಹಕ್ಕು ಕಡಿಮೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ ಆರು ಜನ ಕಾಂಟ್ರಾಕ್ಟ್ ಟೆಸ್ಟರ್‌ಗಳಿಗೆ ರ‍್ಯಾಂಕ್ ಕೊಡುವ ಕೆಲಸ ನನಗೆ ಬಂತು. ಒಬ್ಬರನ್ನು ಕೊನೆಗೆ ಹಾಕಲೇಬೇಕು ಎಂಬುದು ನಿಯಮ. ಅತಿ ಕಡಿಮೆ ದೋಷ ಹುಡುಕಿದವನನ್ನು ಹಾಕಿದೆ. “ಉತ್ಸಾಹ ಸಾಲದು” ಎಂದು ಬರೆದೆ. ಅವನಿಗೆ ಕೊಟ್ಟಿದ್ದ ಮಾಡ್ಯೂಲ್ ಹಳೆಯದು, ಅದರಲ್ಲಿ ದೋಷಗಳೇ ಕಡಿಮೆ ಇದ್ದವು ಎಂದು ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಅವನ ಐಡಿ ಕಾರ್ಡ್ ವಾಪಸ್ ಆಗಿತ್ತು. ಅವನಿಗೆ ಆ ಸಾಲನ್ನು ಯಾರೂ ತೋರಿಸಿರಲಿಲ್ಲ, ನಾನೂ.

ಔರಾದದ ಆ ಹುಡುಗಿ ಫಾರ್ಮನ್ನು ಎರಡು ಸಲ ಓದಿದಳು. 38ರ ಸಾಲಿನ ಹತ್ತಿರ ಬೆರಳು ನಿಂತಿತು. “ಇದರಾಗ ನಾಲ್ಕು ಮಂದಿ ಉದಗೀರ್‌ದಾಗ ತೋರಿಸ್ಯಾರ್ರಿ ಸರ್, ಚೀಟಿ ನೋಡೀನಿ. ಉಳಿದದ್ದು ನಂದೇ ತಪ್ಪು,” ಅಂದಳು. ಗೆಳೆಯ ಚೀಟಿಗಳನ್ನು ತರಿಸಿ ನೋಡಿ 38 ಅನ್ನು 34 ಎಂದು ತಿದ್ದಿದ. ಆಕೆ ಸಹಿ ಹಾಕಿದಳು.