ಕುರ್ಚಿ ವಾಪಸ್ ಹೋಯ್ತು, ದುಡ್ಡು ಪೂರ್ತಿ ವಾಪಸ್ ಬರಲಿಲ್ಲ

ನಾನು ದಿನವಿಡೀ ಕೋಡ್ ಓದುವವನು. ಬೇರೆಯವರು ಬರೆದ ಕೋಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಹಿಡಿದುಬಿಡ್ತೀನಿ. ಆದರೆ ನಾನೇ ದುಡ್ಡು ಕೊಟ್ಟು ಕೊಂಡ ವಸ್ತುವಿನ ರಿಟರ್ನ್ ಪಾಲಿಸಿ ಮಾತ್ರ ಓದಿರಲಿಲ್ಲ. ಅದರ ಬೆಲೆ ಎಷ್ಟು ಅಂತ ಈಗ ಪೈಸೆ ಸಮೇತ ಗೊತ್ತು: 2,643 ರೂಪಾಯಿ 80 ಪೈಸೆ.

ಕಥೆ ಇಷ್ಟೇ. ಶೆಟ್ಟಿಹಳ್ಳಿಯ ನಮ್ಮ ಮನೇಲಿ ಅಮ್ಮ ಬ್ಲೌಸ್ ಹೊಲೀತಾರೆ. ಇಷ್ಟು ವರ್ಷ ಪ್ಲಾಸ್ಟಿಕ್ ಕುರ್ಚಿ ಮೇಲೆ ದಿಂಬು ಹಾಕಿಕೊಂಡು ಕೂತು ಕೂತು ಸೊಂಟ ನೋವು. ಸರಿ, ಮಗ ಸಾಫ್ಟ್‌ವೇರ್ ಇಂಜಿನಿಯರ್ ಅಲ್ವೇ, ಒಂದು ಒಳ್ಳೇ ಕುರ್ಚಿ ತರಿಸೋಣ ಅಂತ ಹೊರಟೆ. ಕುರ್ಚಿ ಮಾರುವ ಒಂದು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ 8,500 ರೂಪಾಯಿಯ ಕುರ್ಚಿ ಸಿಕ್ಕಿತು. ಕೂಪನ್ ಹಾಕಿದ್ದಕ್ಕೆ ಶೇ. 10 ಕಡಿಮೆ. ಕೊಟ್ಟದ್ದು 7,650. ಡೆಲಿವರಿ ಉಚಿತ. ಸೀಟಿನ ಎತ್ತರ 40ರಿಂದ 50 ಸೆಂಟಿಮೀಟರ್‌ವರೆಗೆ ಹೊಂದಿಸಬಹುದು ಅಂತ ಬರೆದಿದ್ದರು. ಅದೇ ನನಗೆ ಮುಖ್ಯ. ಅಮ್ಮ ಕುಳ್ಳಗೆ, ಕಾಲು ಮಿಷಿನ್ನಿನ ಪೆಡಲ್ಲಿಗೆ ಸಿಗಬೇಕು.

ಕುರ್ಚಿ ಬಂತು, ಜೋಡಿಸಿದೆ, ಅಮ್ಮ ಕೂತರು. ಕಾಲು ನೆಲಕ್ಕೆ ಸರಿಯಾಗಿ ತಾಗಲಿಲ್ಲ. ಅಮ್ಮನೇ ಟೇಪ್ ತಂದು ಅಳೆದರು. ಪೂರ್ತಿ ಕೆಳಗೆ ಇಳಿಸಿದರೂ 47 ಸೆಂಟಿಮೀಟರ್. "ಏನೋ ಇದು, ಬ್ಲೌಸಲ್ಲಿ ನಾನು ಇಷ್ಟು ವ್ಯತ್ಯಾಸ ಮಾಡಿದ್ರೆ ಗಿರಾಕಿ ಸುಮ್ನೆ ಬಿಡ್ತಾರೇನೋ?" ಅಂದರು.

ವಾಪಸ್ ಕಳಿಸೋಣ ಅಂತ ಕೂತೆ. ಎಡವಟ್ಟು ಮಾಡಿಕೊಂಡಿದ್ದು ಇಲ್ಲೇ. ಫಾರಂನಲ್ಲಿ ಕಾರಣ ಆರಿಸಿ ಅಂತ ಒಂದು ಪಟ್ಟಿ. `Not as described` ಆರಿಸಿದರೆ ನಾಲ್ಕು ಫೋಟೋ, ಒಂದು ವಿಡಿಯೋ, ಆಮೇಲೆ ಅವರ ಪರಿಶೀಲನೆ. `No longer needed` ಆರಿಸಿದರೆ ಏನೂ ಬೇಡ, ನಾಳೆಯೇ ಪಿಕಪ್. ರಾತ್ರಿ ಹನ್ನೊಂದಾಗಿತ್ತು, ಮರುದಿನ ರಿಲೀಸ್ ಬೇರೆ. ಸುಲಭವಾದದ್ದನ್ನು ಒತ್ತಿ ಮಲಗಿಬಿಟ್ಟೆ.

ಹನ್ನೊಂದು ದಿನದ ನಂತರ ಬ್ಯಾಂಕಿನಿಂದ ಮೆಸೇಜು: 5,006 ರೂಪಾಯಿ 20 ಪೈಸೆ ಜಮಾ. ಉಳಿದದ್ದು?? ಲೆಕ್ಕ ಕೊಡಿ ಅಂತ ಮೂರು ಸಲ ಮೇಲ್ ಮಾಡಿದ ಮೇಲೆ ಕೊಟ್ಟರು:

```
ಕೊಟ್ಟ ಹಣ                              7,650.00
ರೀಸ್ಟಾಕಿಂಗ್  8,500 ರ 15%            - 1,275.00
ಪಿಕಪ್  29 ಕೆ.ಜಿ. x 40 = 1,160 + 18%  - 1,368.80
ರೀಫಂಡ್                               5,006.20
```

ಕೊಟ್ಟ ಹಣದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯ್ತು. ಸಿಟ್ಟು ಬಂದು ಪಾಲಿಸಿ ತೆಗೆದೆ. ಎಲ್ಲವೂ ಅಲ್ಲೇ ಇದೆ ಸ್ವಾಮೀ! ಆದರೆ ಇದೆ ಅನ್ನುವುದಕ್ಕೂ ಅರ್ಥವಾಗುತ್ತೆ ಅನ್ನುವುದಕ್ಕೂ ಅಂತರವಿದೆ.

ಮೊದಲು ಆ 29 ಕೆ.ಜಿ. ನೋಡಿ. ಡಬ್ಬದ ಮೇಲಿನ ಚೀಟಿಯಲ್ಲಿ ತೂಕ 14 ಕೆ.ಜಿ. ಅಂತ ಇತ್ತು. ಡಬ್ಬ ಕೊಬ್ಬಿತೇ? ಇಲ್ಲ. ಕೊರಿಯರ್‌ನವರು ತೂಕ ಮತ್ತು ಗಾತ್ರ ಎರಡನ್ನೂ ನೋಡ್ತಾರೆ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಗಾತ್ರವನ್ನು ತೂಕ ಮಾಡುವುದು ಹೀಗೆ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ.

```
66 x 64 x 34 / 5000 = 28.72  ->  29 ಕೆ.ಜಿ.
```

ಇದರಲ್ಲಿ ಮೋಸವಿಲ್ಲ. ಹತ್ತಿಯ ಮೂಟೆಯೂ ಲಾರಿಯಲ್ಲಿ ಜಾಗ ತಿನ್ನುತ್ತದೆ, ಅದರ ಬಾಡಿಗೆ ಯಾರಾದರೂ ಕೊಡಲೇಬೇಕು. ಹೋಗುವಾಗ ಉಚಿತ ಅಂತ ಬಂದ ಡಬ್ಬಕ್ಕೂ ಇದೇ ಲೆಕ್ಕ ಇತ್ತು, ಅದು ಕುರ್ಚಿಯ ಬೆಲೆಯೊಳಗೆ ಸೇರಿತ್ತು, ಅಷ್ಟೇ. ನನ್ನ ತಕರಾರು ಬೇರೆ. ಪಾಲಿಸಿಯಲ್ಲಿ ಈ ಖರ್ಚಿಗೆ ಬಳಸಿದ್ದ ಪದ `at actuals`. ಅಂದರೆ ನಿಜವಾಗಿ ಎಷ್ಟಾಗುತ್ತೋ ಅಷ್ಟು. ಆ "ಅಷ್ಟು" ಎಷ್ಟು ಅಂತ ಕೊಳ್ಳುವಾಗ ನನಗೆ ಹೇಗೆ ಗೊತ್ತಾಗಬೇಕು?

ಅವರಿಗೆ ಮಾತ್ರ ಗೊತ್ತಿತ್ತು. ನಾನು ಪಿನ್‌ಕೋಡ್ ಹಾಕಿದ ಕೂಡಲೇ ಬುಧವಾರ ಡೆಲಿವರಿ ಅಂತ ತೋರಿಸಿದ ಆ ಪುಟಕ್ಕೆ ಡಬ್ಬದ ಅಳತೆಯೂ ಗೊತ್ತು, ನನ್ನ ವಿಳಾಸವೂ ಗೊತ್ತು, ಕೊರಿಯರ್ ದರವೂ ಗೊತ್ತು. "ವಾಪಸ್ ಕಳಿಸಿದರೆ ಸುಮಾರು 1,370 ರೂಪಾಯಿ ಕಡಿತ" ಅಂತ ಒಂದು ಸಾಲು ಅಲ್ಲಿ ತೋರಿಸುವುದು ನಮ್ಮಂಥವರಿಗೆ ಒಂದು ಮಧ್ಯಾಹ್ನದ ಕೆಲಸ. ಮಾಡಿಲ್ಲ ಅಂದರೆ ಬರದೇ ಅಲ್ಲ, ಬೇಡ ಅಂತ.

ಎರಡನೆಯದು ಆ ಶೇ. 15. ನಾನು ಕೊಟ್ಟದ್ದು 7,650, ಆದರೆ ಶೇಕಡಾ ಹಿಡಿದದ್ದು 8,500ಕ್ಕೆ. ಪಾಲಿಸಿಯಲ್ಲಿ `product value` ಅಂತ ಮಾತ್ರ ಇದೆ. ಕೂಪನ್‌ಗೆ ಮುಂಚಿನ ಬೆಲೆಯೋ ಆಮೇಲಿನದೋ, ಹೇಳಿಲ್ಲ. ವ್ಯತ್ಯಾಸ 127 ರೂಪಾಯಿ 50 ಪೈಸೆ. ನಾನು ಕೊಡದೇ ಇದ್ದ ದುಡ್ಡಿಗೂ ಕಡಿತ! ಯಾವುದೇ ಪಾಲಿಸಿಯಲ್ಲಿ ಶೇಕಡಾ ಕಂಡರೆ, ಯಾವುದರ ಶೇಕಡಾ ಅಂತ ಮೊದಲು ಹುಡುಕಿ. ಸಿಗದಿದ್ದರೆ ಆರ್ಡರ್ ಮಾಡುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ನಾನು ಒತ್ತಿದ ಆ ಕಾರಣ. ನಮ್ಮ ದೇಶದಲ್ಲಿ "ಮನಸ್ಸು ಬದಲಾಯ್ತು, ವಾಪಸ್ ತಗೊಳ್ಳಿ" ಅನ್ನುವ ಹಕ್ಕನ್ನು ಗ್ರಾಹಕ ಕಾನೂನು ಎಲ್ಲ ವಸ್ತುಗಳಿಗೂ ಕೊಟ್ಟಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಗೆ 14 ದಿನ ಅಂಥ ಅವಕಾಶವಿದೆ. ಅಲ್ಲೂ ವಾಪಸ್ ಕಳಿಸುವ ಖರ್ಚು ಗ್ರಾಹಕನ ಮೇಲೆ ಬೀಳಬಹುದು, ಆದರೆ ಮೊದಲೇ ಹೇಳಿರಬೇಕು. ಹೇಳದಿದ್ದರೆ ಅಂಗಡಿಯವನದೇ ಖರ್ಚು. ಇಲ್ಲಿ ಮನಸ್ಸು ಬದಲಾದರೆ ಕಂಪನಿಯ ಪಾಲಿಸಿಯೇ ಗತಿ.

ಆದರೆ ವಸ್ತು ಕೆಟ್ಟಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ ಕಥೆ ಬೇರೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಅಂಥ ವಸ್ತು ವಾಪಸ್ ಪಡೆಯಲು, ಹಣ ಹಿಂತಿರುಗಿಸಲು ನಿರಾಕರಿಸುವ ಹಾಗಿಲ್ಲ. ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರುವವರಿಗೆ ಇದನ್ನು ಆರನೇ ನಿಯಮ ಹೇಳುತ್ತದೆ, ತನ್ನದೇ ಸರಕು ಮಾರುವ ಸೈಟಿಗೆ ಏಳನೇ ನಿಯಮ. ವಾಪಸ್ ಕಳಿಸುವ ಖರ್ಚಿನ ಮಾಹಿತಿ ಸ್ಪಷ್ಟವಾಗಿ ಕೊಡಬೇಕು ಅಂತಲೂ ಆ ನಿಯಮಗಳಲ್ಲೇ ಇದೆ. ಅವರ ತಪ್ಪಿಗೆ ವಾಪಸ್ ಕಳಿಸಿದ ವಸ್ತುವಿನ ಹಣದಲ್ಲಿ ಮೂರನೇ ಒಂದು ಭಾಗ ಹಿಡಿದುಕೊಂಡರೆ ಅದು ಅಷ್ಟು ಹಣವನ್ನು ನಿರಾಕರಿಸಿದ ಹಾಗೇ ಅಂತ ನನ್ನ ವಾದ.

40 ಅಂತ ಹೇಳಿ 47 ಕಳಿಸಿದ್ದು ಎರಡನೇ ಜಾತಿಯ ಪ್ರಕರಣ. ನಾನು ಒಂದು ಕ್ಲಿಕ್ಕಿನಲ್ಲಿ ಅದನ್ನು ಮೊದಲನೇ ಜಾತಿಗೆ ಸೇರಿಸಿಬಿಟ್ಟೆ. ಆ ಪಟ್ಟಿ ಬರೀ ಅಭಿಪ್ರಾಯ ಸಂಗ್ರಹ ಅಂದುಕೊಂಡಿದ್ದೆ. ಅದು ಹಣದ ಲೆಕ್ಕ ಎತ್ತ ತಿರುಗಬೇಕು ಅಂತ ತೀರ್ಮಾನಿಸುವ `if`. ಇದನ್ನು ಊಹಿಸಲಾರದ ಇಂಜಿನಿಯರ್ ನಾನು, ನೋಡಿ :-)

ಪುಣ್ಯಕ್ಕೆ ಕಳಿಸುವ ಮುಂಚೆ ಅಮ್ಮ ಟೇಪ್ ಹಿಡಿದದ್ದರ ಒಂದು ಫೋಟೋ ತೆಗೆದಿದ್ದೆ, ತಂಗಿಗೆ ಕಳಿಸಿ ನಗೋಣ ಅಂತ. ಪುಟದಲ್ಲಿ ಇನ್ನೂ 40 ಅಂತಲೇ ಇತ್ತು, ಅದರ ಸ್ಕ್ರೀನ್‌ಶಾಟ್ ತೆಗೆದೆ. ಎರಡನ್ನೂ ಹಾಕಿ ಆ ಸೈಟಿನ ಕುಂದುಕೊರತೆ ಅಧಿಕಾರಿಗೆ ಬರೆದೆ. ಅಂಥವರೊಬ್ಬರ ಹೆಸರು ಸೈಟಿನಲ್ಲಿ ಇರಲೇಬೇಕು, 48 ಗಂಟೆಯೊಳಗೆ ದೂರು ತಲುಪಿತು ಅನ್ನಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಇದೂ ಅದೇ ನಿಯಮಗಳಲ್ಲಿದೆ. ಮೊದಲು 1,275 ರೂಪಾಯಿಯ ಕೂಪನ್ ಕೊಡ್ತೀವಿ ಅಂದರು. ಬೇಡ ಅಂದೆ. ಹತ್ತೊಂಬತ್ತನೇ ದಿನ 1,496 ರೂಪಾಯಿ 30 ಪೈಸೆ ಬಂತು: ಪಿಕಪ್ ಖರ್ಚು ಪೂರ್ತಿ, ಜೊತೆಗೆ ಆ 127.50. ಉಳಿದ 1,147.50 ಮಾತ್ರ ಕೊಡಲ್ಲ, ಕಾರಣ ಆರಿಸಿದ್ದು ನೀವೇ ಅಂತ ಉತ್ತರ.

ಅವರ ಕಡೆಯಿಂದಲೂ ಸ್ವಲ್ಪ ಯೋಚಿಸೋಣ. ಆಮೇಲೆ ದಾಸರಹಳ್ಳಿಯ ಒಂದು ಅಂಗಡಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಂಗಡಿಯವರು ಹೇಳಿದರು, "ಸಾರ್, ಒಂದ್ಸಲ ಡಬ್ಬ ಬಿಚ್ಚಿ ನಟ್ಟು ಹಾಕಿದ ಕುರ್ಚಿ ಹೊಸದು ಅಂತ ಮಾರಕ್ಕಾಗಲ್ಲ. ಬಟ್ಟೆ ಸೀಟಾದ್ರೆ ಇನ್ನೂ ಕಷ್ಟ." ನಿಜ. ಸುಮ್ಮನೆ ತರಿಸಿ, ಒಂದು ವಾರ ಕೂತು, ವಾಪಸ್ ಕಳಿಸುವವರ ಖರ್ಚನ್ನು ಉಳಿದ ಗಿರಾಕಿಗಳು ಯಾಕೆ ಹೊರಬೇಕು? ಅದಕ್ಕೆ ರೀಸ್ಟಾಕಿಂಗ್ ಕಡಿತವೇ ತಪ್ಪು ಅಂತ ನಾನು ಹೇಳಲ್ಲ. ಅದು ರೂಪಾಯಿಯಲ್ಲಿ, ಬೆಲೆಯ ಪಕ್ಕದಲ್ಲಿ, ಕೊಳ್ಳುವ ಮುಂಚೆ ಇರಲಿ. ಮತ್ತು ಮಾರುವವನದೇ ತಪ್ಪಾದಾಗ ಅದು ಸೊನ್ನೆಯಾಗಲಿ. ತಪ್ಪು ಹೇಳಲು ನಾಲ್ಕು ಫೋಟೋ, ಒಂದು ವಿಡಿಯೋ, ಸುಮ್ಮನಿರಲು ಒಂದು ಕ್ಲಿಕ್ಕು ಅನ್ನುವ ಫಾರಂ ಇದ್ದರೆ ಸುಸ್ತಾದವನು ಯಾವುದನ್ನು ಒತ್ತುತ್ತಾನೆ ಅಂತ ಅದನ್ನು ಬರೆದವನಿಗೆ ಚೆನ್ನಾಗಿ ಗೊತ್ತಿರುತ್ತೆ.

ಉಳಿದ ದುಡ್ಡಿಗೆ ಏನು ಮಾಡೋದು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೀನಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷ ಸಮಯವಿದೆ. 1,147 ರೂಪಾಯಿಗೆ ಇಷ್ಟೆಲ್ಲ ಯಾಕೋ ಅಂತ ಅಮ್ಮ ಕೇಳಿದರು. ಅದು ಅವರ ಎಷ್ಟು ಬ್ಲೌಸಿನ ಕೂಲಿ ಅಂತ ಲೆಕ್ಕ ಹಾಕಿ ಹೇಳಿದೆ. ಆಮೇಲೆ ಅವರೇ, "ಹಾಗಾದ್ರೆ ಬಿಡ್ಬೇಡ ಕಣೋ" ಅಂದರು.

ಅಂದಹಾಗೆ ದಾಸರಹಳ್ಳಿಯಲ್ಲಿ ಅಮ್ಮ ಆರು ಕುರ್ಚಿ ಮೇಲೆ ಕೂತು ನೋಡಿ, ಏಳನೆಯದನ್ನು ಟೇಪಿನಲ್ಲಿ ಅಳೆದು ತಗೊಂಡರು. ಆಟೋದಲ್ಲಿ ಮನೆಗೆ ಬಂದ ಮೇಲೆ ಬಿಲ್ಲನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: "ಮಾರಿದ ವಸ್ತುವನ್ನು ವಾಪಸ್ ಪಡೆಯಲಾಗುವುದಿಲ್ಲ".

ಈ ಕುರ್ಚಿ ಮಾತ್ರ ಪೆಡಲ್ಲಿಗೆ ಸರಿಯಾಗಿದೆ, ಸದ್ಯ!